ಪೆಟ್ಟಿಗಿಂತ ಮುಂಚೆ ಬಂದ ಗುಂಯ್: ಹಾಸನದ ಒಂದು ಮೃದಂಗ ರೆಕಾರ್ಡಿಂಗ್

ಹಾಸನದ ಬಿ.ಎಂ. ರಸ್ತೆಗೆ ಹತ್ತಿರದ ಒಂದು ಕಲ್ಯಾಣ ಮಂಟಪದಲ್ಲಿ ರಾಮನವಮಿ ಕಚೇರಿ. ಹಾಡುಗಾರಿಕೆ, ಪಿಟೀಲು, ಮೃದಂಗ. ಊರಲ್ಲೇ ಸಣ್ಣದೊಂದು ರೆಕಾರ್ಡಿಂಗ್ ರೂಮ್ ಇಟ್ಟುಕೊಂಡಿರುವ ಹುಡುಗನೊಬ್ಬ ಅದನ್ನು ರೆಕಾರ್ಡ್ ಮಾಡಿ, ಮಿಕ್ಸ್ ಮಾಡಿ, ಕಲಾವಿದರಿಗೆಲ್ಲ ಕಳಿಸಿದ. ಹಾಡಿದವರು ಒಪ್ಪಿದರು, ಪಿಟೀಲಿನವರೂ ಒಪ್ಪಿದರು. ಮೃದಂಗದ ಮೇಷ್ಟ್ರು ಮಾತ್ರ ಫೋನ್ ಮಾಡಿದರು.

"ಎಲ್ಲ ಚೆನ್ನಾಗಿದೆ ಕಣಪ್ಪಾ. ಆದ್ರೆ ತನಿ ಶುರುವಾಗೋ ಕಡೆ ಕೇಳು. ನಾನಿನ್ನೂ ತೊಪ್ಪಿ ಮೇಲೆ ಕೈ ಹಾಕೇ ಇಲ್ಲ, ಆಗಲೇ ಗುಂಯ್ ಅಂತ ಏನೋ ಎದ್ದು ಬರುತ್ತೆ. ಹೊಡೆಯೋಕೆ ಮುಂಚೆ ಶಬ್ದ ಹೆಂಗೆ ಬರುತ್ತೆ?"

ತನಿ ಅಂದರೆ ಕಚೇರಿಯಲ್ಲಿ ಮೃದಂಗ ಒಂದೇ ನುಡಿಯುವ ಭಾಗ, ತೊಪ್ಪಿ ಅಂದರೆ ಮೃದಂಗದ ದಪ್ಪ ಸ್ವರದ ಎಡಭಾಗ. ಹುಡುಗನಿಗೆ ಆ ಗುಂಯ್ ಕೇಳಿಸಿರಲಿಲ್ಲ. ಅವನ ಟೇಬಲ್ ಮೇಲಿನ ಸ್ಪೀಕರ್ ಸಣ್ಣವು, ಅಷ್ಟು ಕೆಳಗಿನ ಸ್ವರ ಅವುಗಳಲ್ಲಿ ಸರಿಯಾಗಿ ಬರೋದೇ ಇಲ್ಲ. ಮೇಷ್ಟ್ರು ಕೇಳಿದ್ದು ಒಳ್ಳೆಯ ಹೆಡ್‌ಫೋನ್‌ನಲ್ಲಿ. ಅವನು ಪೂರ್ತಿ ಸೆಷನ್ ಫೈಲನ್ನೇ ನನಗೆ ತಂದುಕೊಟ್ಟ. ಕಾರಣ ಹುಡುಕಿದ್ದು ಹೇಗೆ, ಸರಿಯಾಗಿದ್ದು ಹೇಗೆ ಅನ್ನೋದು ಈ ಬರಹ.

ಸೆಷನ್‌ನಲ್ಲಿ ಏನಿತ್ತು

ಮೃದಂಗಕ್ಕೆ ಎರಡು ಮೈಕ್: ಬಲಕ್ಕೊಂದು, ತೊಪ್ಪಿ ಕಡೆಗೊಂದು. ವೇದಿಕೆಯ ಮುಂದೆ ಸುಮಾರು ಮೂರು ಮೀಟರ್ ದೂರದಲ್ಲಿ ಒಂದು ಸ್ಟೀರಿಯೋ ಜೋಡಿ. ವೇದಿಕೆ ಹಲಗೆಯದು, ಅಡಿ ಟೊಳ್ಳು. ಮೇಷ್ಟ್ರು ತೊಪ್ಪಿಗೆ ರವೆ ಹಚ್ಚಿ ಗುಮ್ಕಿ ಅನ್ನುವ ಗುಂಗುಡುವ ಪೆಟ್ಟು ಕೊಟ್ಟಾಗಲೆಲ್ಲ ಅಡಿಯ ಹಲಗೆಯೂ ಜೊತೆಗೆ ಮೊಳಗುತ್ತಿತ್ತು. ತೊಪ್ಪಿ ಮೈಕ್‌ನ ಟ್ರ್ಯಾಕಿನಲ್ಲಿ 82 ಹರ್ಟ್ಸ್ ಹತ್ತಿರ ಗ್ರಾಫ್ 12 ಡೆಸಿಬೆಲ್‌ನಷ್ಟು ಎದ್ದು ನಿಂತಿತ್ತು. ಪೆಟ್ಟು ಮುಗಿದ ಮೇಲೂ ಊಂ ಅಂತ ಎಳೆಯುವ ಬಾಲ.

ಹುಡುಗ ಅಲ್ಲಿ ಈಕ್ಯೂ ಹಾಕಿದ್ದ, ಬೇಕಾದ ಸ್ವರದ ಮಟ್ಟವನ್ನಷ್ಟೇ ಏರಿಸಿ ಇಳಿಸುವ ಸಾಧನ. 82 ಹರ್ಟ್ಸ್‌ನಲ್ಲಿ 12 ಡೆಸಿಬೆಲ್ ಇಳಿಕೆ, ಕ್ಯೂ 8. ಕ್ಯೂ ಜಾಸ್ತಿಯಾದಷ್ಟೂ ಪಟ್ಟಿ ಕಿರಿದು, ಅಂದರೆ ಇದು ಕಿರಿದಾದ, ಆಳವಾದ ಗುಂಡಿ. ರಸ್ತೆಯ ಲಾರಿಗಳ ಗಡಗಡ ತೆಗೆಯೋಕೆ 40 ಹರ್ಟ್ಸ್‌ನಲ್ಲಿ ಆಕ್ಟೇವ್‌ಗೆ 48 ಡೆಸಿಬೆಲ್ ಇಳಿಯುವ ಹೈಪಾಸ್ ಬೇರೆ. ಎರಡೂ ಲೀನಿಯರ್ ಫೇಸ್ ಮೋಡ್‌ನಲ್ಲಿ, ಅಂದರೆ ಅಲೆಗಳ ಏರಿಳಿತದ ಹೊಂದಿಕೆ ಕೆಡದ ಹಾಗೆ, ಅದೂ ಅತಿ ಉದ್ದದ ಸೆಟ್ಟಿಂಗ್‌ನಲ್ಲಿ. ಯಾಕೆ ಅಂತ ಕೇಳಿದ್ದಕ್ಕೆ, "ತೊಪ್ಪಿ ಮೈಕ್‌ದು ಮುಂದಿನ ಜೋಡಿಯಲ್ಲೂ ಕೇಳುತ್ತಲ್ವಾ ಸಾರ್, ಒಂದಕ್ಕೆ ಮಾತ್ರ ಫೇಸ್ ತಿರುಗಿಸಿದ್ರೆ ಎರಡೂ ಸೇರಿದಾಗ ಕೆಡುತ್ತೆ ಅಂತ" ಅಂದ. ಸುಮ್ನೆ ಹೇಳಿದ ಮಾತಲ್ಲ, ಭಯಕ್ಕೆ ಕಾರಣವಿದೆ. ಎಷ್ಟು ಕಾರಣವಿದೆ ಅಂತ ಮುಂದೆ ಲೆಕ್ಕ ಹಾಕೋಣ.

ಮೊದಲು ಅನುಮಾನ ಬಂದಿದ್ದು ಎಂಪಿ3 ಮೇಲೆ. ಅದರಲ್ಲೂ ಪೆಟ್ಟಿಗೆ ಮುಂಚೆ ಶಬ್ದ ಸೋರುವುದುಂಟು. ಆದರೆ ಆ ಸೋರಿಕೆ ಸುಯ್ಯೆನ್ನುವ ಅಗಲದ ಶಬ್ದ, ಗುಂಯ್ ಅನ್ನುವ ಒಂದೇ ಸ್ವರವಲ್ಲ. ಸೆಷನ್‌ನಿಂದ ನೇರ ವೇವ್ ಫೈಲ್ ತೆಗೆದರೂ ಗುಂಯ್ ಹಾಗೇ ಇತ್ತು. ಈಕ್ಯೂ ಬೈಪಾಸ್ ಮಾಡಿದ ಕೂಡಲೇ ಹೋಯಿತು.

ಅಲೆಯನ್ನು ಹಿಗ್ಗಿಸಿ ನೋಡಿದಾಗ

ತನಿ ಆವರ್ತನದ ಮೊದಲ ಗುಮ್ಕಿ ಇರುವ ಜಾಗಕ್ಕೆ ಹೋಗಿ ಅಲೆಯನ್ನು ಹಿಗ್ಗಿಸಿದೆವು. ಈಕ್ಯೂ ಇಲ್ಲದ ಟ್ರ್ಯಾಕಿನಲ್ಲಿ ಗೆರೆ ಸಪಾಟಾಗಿದೆ, ಆಮೇಲೆ ತಟ್ಟನೆ ಏರುತ್ತದೆ. ಈಕ್ಯೂ ಹಾಕಿದ್ದರಲ್ಲಿ ಹಾಗಿಲ್ಲ. ಪೆಟ್ಟಿಗೆ ಸುಮಾರು 150 ಮಿಲಿಸೆಕೆಂಡ್ ಮುಂಚಿನಿಂದಲೇ ಸಣ್ಣ ಸಣ್ಣ ಅಲೆಗಳು ಶುರುವಾಗಿ, ಪೆಟ್ಟು ಹತ್ತಿರ ಬಂದಂತೆ ದೊಡ್ಡದಾಗುತ್ತಾ ಹೋಗುತ್ತವೆ. ಒಂದು ಅಲೆಯಿಂದ ಇನ್ನೊಂದಕ್ಕೆ 12 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ. 1000ವನ್ನು 82ರಿಂದ ಭಾಗಿಸಿದರೆ 12.2. ಅಪರಾಧಿ ಹೈಪಾಸ್ ಅಲ್ಲ, 82ರ ಗುಂಡಿಯೇ ಅಂತ ಅಲ್ಲೇ ಗೊತ್ತಾಯಿತು.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆವು. ಒಂದೇ ಒಂದು ಸ್ಯಾಂಪಲ್ ಎತ್ತರವಾಗಿರುವ, ಉಳಿದಿದ್ದೆಲ್ಲ ಸೊನ್ನೆ ಇರುವ ಫೈಲ್ ಮಾಡಿ, ಅದನ್ನು ಅದೇ ಈಕ್ಯೂ ಮೂಲಕ ಹಾಯಿಸಿ ಹೊರಗೆ ಬಂದ ಅಲೆಯನ್ನು ನೋಡುವುದು. ಲೀನಿಯರ್ ಫೇಸ್ ಆದರೆ ಚಿತ್ರ ಕನ್ನಡಿ ಇಟ್ಟ ಹಾಗೆ: ಮಧ್ಯದ ಮೊನೆಯ ಎಡಕ್ಕೆ ಎಷ್ಟು ಅಲೆಯೋ ಬಲಕ್ಕೂ ಅಷ್ಟೇ. ಮಿನಿಮಮ್ ಫೇಸ್ ಅನ್ನುವ ಇನ್ನೊಂದು ಮೋಡ್‌ನಲ್ಲಿ ಎಡಗಡೆ ಏನೂ ಇಲ್ಲ, ಎಲ್ಲ ಬಲಕ್ಕೆ. ಯಾವುದೇ ಪ್ಲಗಿನ್ ಹೊಸದಾಗಿ ಹಾಕಿಕೊಂಡಾಗ ಈ ಪರೀಕ್ಷೆ ಮಾಡಿ ನೋಡಿ. ಮೋಡ್‌ಗೆ ಏನು ಹೆಸರಿಟ್ಟಿದ್ದರೂ ಒಳಗೆ ನಡೆಯುವುದು ಬಯಲಾಗುತ್ತದೆ.

ಈ ಅಲೆ ಎಲ್ಲಿಂದ ಬಂತು

ಯಾವ ಈಕ್ಯೂ ಆದರೂ ಕಿರಿದಾದ ಪಟ್ಟಿಯಲ್ಲಿ ಕೆಲಸ ಮಾಡಿದರೆ ಮೊಳಗಲೇಬೇಕು. ಪಟ್ಟಿ ಕಿರಿದಾದಷ್ಟೂ ಮೊಳಗು ಉದ್ದ. ಇದರಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಇರುವ ಆಯ್ಕೆ ಒಂದೇ: ಆ ಮೊಳಗನ್ನು ಕಾಲದಲ್ಲಿ ಎಲ್ಲಿ ಇಡುವುದು?

ಮಿನಿಮಮ್ ಫೇಸ್ ಈಕ್ಯೂ ಎಲ್ಲವನ್ನೂ ಪೆಟ್ಟಿನ ನಂತರ ಇಡುತ್ತದೆ. ಹಳೆಯ ಅನಲಾಗ್ ಮಿಕ್ಸರ್‌ಗಳ ಬಾಸ್, ಟ್ರೆಬಲ್ ಗುಬುಟುಗಳೆಲ್ಲ ಇದೇ ಜಾತಿ. ಅವಕ್ಕೆ ಮುಂದೆ ಏನು ಬರುತ್ತದೆ ಅಂತ ಗೊತ್ತಿರುವುದಿಲ್ಲ, ಹಾಗಾಗಿ ಮುಂಚೆಯೇ ಮೊಳಗಲು ಆಗುವುದೂ ಇಲ್ಲ. ಬದಲಿಗೆ ಫೇಸ್ ತಿರುಗುತ್ತದೆ. ಲೀನಿಯರ್ ಫೇಸ್ ಈಕ್ಯೂ ಎಲ್ಲ ಸ್ವರಗಳನ್ನೂ ಒಂದೇ ಸಮ ತಡ ಮಾಡುತ್ತದೆ, ಫೇಸ್ ಸಂಬಂಧ ಕೆಡುವುದಿಲ್ಲ. ಅದಕ್ಕೆ ತೆರುವ ಬೆಲೆ ಎಂದರೆ ಮೊಳಗಿನ ಅರ್ಧ ಪೆಟ್ಟಿಗೆ ಮುಂಚೆ ಹೋಗಿ ಕೂರುತ್ತದೆ. ಮುಂಚೆ ಕೂರಿಸಲು ಪ್ಲಗಿನ್ ಶಬ್ದವನ್ನು ತಡೆದು ಹಿಡಿದು ಕಾಯಬೇಕು. 48 ಕಿಲೋಹರ್ಟ್ಸ್‌ನಲ್ಲಿ 16384 ಸ್ಯಾಂಪಲ್ ಉದ್ದದ ಫಿಲ್ಟರ್ ಆದರೆ ಅದರ ಅರ್ಧ, ಅಂದರೆ ಸುಮಾರು 171 ಮಿಲಿಸೆಕೆಂಡ್ ತಡ. ಮಿಕ್ಸ್ ಮಾಡುವಾಗ ಸಾಫ್ಟ್‌ವೇರ್ ಇದನ್ನು ಸರಿದೂಗಿಸುತ್ತದೆ. ಕಚೇರಿ ನಡೆಯುವಾಗಲೇ ಸ್ಪೀಕರ್‌ಗೆ ಹೋಗುವ ದಾರಿಯಲ್ಲಿ ಹಾಕಲು ಬರುವುದಿಲ್ಲ.

ಮೊಳಗು ಎಷ್ಟು ಉದ್ದ ಅನ್ನೋದಕ್ಕೆ ಒಂದು ಸುಲಭದ ಅಂದಾಜಿದೆ:

```
t = Q / f
```

ಇಷ್ಟು ಹೊತ್ತಿಗೆ ಮೊಳಗು ಸುಮಾರು 27 ಡೆಸಿಬೆಲ್ ಇಳಿದಿರುತ್ತದೆ. ಕ್ಯೂ 8, ಸ್ವರ 82 ಹರ್ಟ್ಸ್ ಆದರೆ 98 ಮಿಲಿಸೆಕೆಂಡ್. ಆಳವಾಗಿ ಕತ್ತರಿಸಿದಾಗ ಗುಂಡಿಯ ತಳ ಇನ್ನೂ ಕಿರಿದಾಗಿರುತ್ತದೆ, ಹಾಗಾಗಿ ಲೀನಿಯರ್ ಫೇಸ್‌ನಲ್ಲಿ ಬಾಲ ಈ ಅಂದಾಜಿಗಿಂತ ಉದ್ದವೇ ಬರುತ್ತದೆ. ನಾವು ನೋಡಿದ 150 ಮಿಲಿಸೆಕೆಂಡ್‌ಗೆ ಕಾರಣ ಅದು.

ಫಿಲ್ಟರ್ ಉದ್ದ ಕಮ್ಮಿ ಮಾಡಿದರೆ ಸರಿಹೋಗಲ್ವಾ ಅಂತ ಹುಡುಗ ಕೇಳಿದ. ಹೋಗುತ್ತದೆ, ಆದರೆ ಗುಂಡಿಯೂ ಅದರ ಜೊತೆಗೇ ಹೋಗುತ್ತದೆ. 4096ಕ್ಕೆ ಇಳಿಸಿದಾಗ 82ರ ಗುಂಡಿ ಅಗಲವಾಗಿ, ಆಳ ಕಮ್ಮಿಯಾಗಿ, ಅಕ್ಕಪಕ್ಕದ ಸ್ವರಗಳನ್ನೂ ತಿಂದಿತು. ಪ್ಲಗಿನ್ ಕೆಟ್ಟದ್ದು ಅಂತಲ್ಲ. ಕಿರಿದಾದ ಗುಂಡಿ ಬೇಕು ಅಂದರೆ ಉದ್ದದ ಫಿಲ್ಟರ್ ಬೇಕೇ ಬೇಕು.

ಯಾವಾಗ ಕಿವಿಗೆ ಬೀಳುತ್ತದೆ

ಪೆಟ್ಟಿನ ನಂತರದ ಮೊಳಗು ಇದ್ದರೂ ನಾವು ದೂರು ಹೇಳುವುದಿಲ್ಲ. ಮುಂಚಿನದು ಮಾತ್ರ ಕಾಡುತ್ತದೆ. ಕಾರಣ ಕಿವಿಯಲ್ಲಿದೆ. ಜೋರು ಶಬ್ದವೊಂದು ತನ್ನ ನಂತರ ಬರುವ ಮೆಲು ಶಬ್ದವನ್ನು 100ರಿಂದ 200 ಮಿಲಿಸೆಕೆಂಡ್ ತನಕ ಮುಚ್ಚಿಹಾಕುತ್ತದೆ. ತನಗಿಂತ ಮುಂಚೆ ಬಂದಿದ್ದನ್ನೂ ಮುಚ್ಚುತ್ತದೆ, ಆದರೆ ಕೆಲವೇ ಮಿಲಿಸೆಕೆಂಡ್. ಬಹಳ ಅಂದರೆ 20. ನಮ್ಮ ಗುಂಯ್ ಇದ್ದದ್ದು 150. ಪೆಟ್ಟು ಎಷ್ಟೇ ಜೋರಿದ್ದರೂ ಅದನ್ನು ಮುಚ್ಚಿಡಲು ಸಾಧ್ಯವಿರಲಿಲ್ಲ.

ಇದೇ ಕ್ಯೂ 8ರ ಗುಂಡಿಯನ್ನು 3000 ಹರ್ಟ್ಸ್‌ಗೆ ಒಯ್ದರೆ ಲೆಕ್ಕ 2.7 ಮಿಲಿಸೆಕೆಂಡ್ ಬರುತ್ತದೆ. ಪೆಟ್ಟಿಗೆ ಮುಂಚಿನ ಈ ಮೊಳಗು, ಅಂದರೆ ಪ್ರೀ-ರಿಂಗಿಂಗ್, ಅಲ್ಲೂ ಇದೆ, ಅಲೆಯಲ್ಲಿ ಕಾಣುತ್ತದೆ, ಆದರೆ ಪೆಟ್ಟಿನ ಮರೆಯಲ್ಲೇ ಅಡಗಿಬಿಡುತ್ತದೆ. 82 ಹರ್ಟ್ಸ್‌ನಲ್ಲೇ ಕ್ಯೂ 1ರ ಅಗಲದ ಇಳಿಕೆ ಹಾಕಿದರೆ 12 ಮಿಲಿಸೆಕೆಂಡ್, ಅಂಚಿನಲ್ಲಿ. ಹಾಗಾಗಿ "ಲೀನಿಯರ್ ಫೇಸ್ ಅಂದ್ರೆ ಪೆಟ್ಟು ಮೊಂಡಾಗುತ್ತೆ" ಅಂತ ಸಾರಾಸಗಟಾಗಿ ಹೇಳುವವರ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಕೆಳಗಿನ ಸ್ವರ, ಕಿರಿದಾದ ಪಟ್ಟಿ, ಜಾಸ್ತಿ ಏರಿಳಿತ, ಇವೆಲ್ಲ ಒಟ್ಟಿಗೆ ಸೇರಬೇಕು.

ಇಷ್ಟಿದ್ದರೂ ಇನ್ನೊಂದು ಬೇಕು: ಪೆಟ್ಟಿಗೆ ಮುಂಚೆ ಮೌನ. ಅದೇ ಟ್ರ್ಯಾಕಿನಲ್ಲಿ ಕೀರ್ತನೆ ನಡೆಯುವಾಗ ಗುಂಯ್ ಕೇಳಿಸಲೇ ಇಲ್ಲ. ಹಾಡು, ಪಿಟೀಲು, ಹಿಂದಿನ ಪೆಟ್ಟಿನ ಬಾಲ, ಎಲ್ಲ ಸೇರಿ ಅದನ್ನು ನುಂಗಿದ್ದವು. ತನಿಯ ವೇಗದ ನಡೆಗಳಲ್ಲೂ ಇಲ್ಲ. ಕೇಳಿಸಿದ್ದು ಬಿಡುವು ಕೊಟ್ಟು ತೊಪ್ಪಿಯ ಮೇಲೆ ಬೀಳುವ ಪೆಟ್ಟುಗಳಲ್ಲಿ ಮಾತ್ರ. ತನಿಯ ಶುರು ಅಂಥ ಜಾಗ: ಎಲ್ಲರೂ ನಿಲ್ಲಿಸಿದ್ದಾರೆ, ತಂಬೂರಿ ಒಂದೇ ಮೆಲ್ಲಗಿದೆ. ವರ್ಷವರ್ಷವೂ ರುದ್ರಪಟ್ಟಣದ ಸಂಗೀತೋತ್ಸವಕ್ಕೆ ಹೋಗಿ ಕೂರುವ ಮೇಷ್ಟ್ರ ಕಿವಿಗೆ ಅದು ಬೀಳದೆ ಇರುತ್ತದಾ?

ಗ್ರಾಫ್ ಸರಿ, ಶಬ್ದ ತಪ್ಪು

ಈ ಪ್ರಕರಣದಲ್ಲಿ ನನಗೆ ಹೆಚ್ಚು ಕುತೂಹಲ ಅನ್ನಿಸಿದ್ದು ಇದು. ಹುಡುಗ ಸ್ಪೆಕ್ಟ್ರಮ್ ಗ್ರಾಫ್ ತೋರಿಸಿದ. ಈಕ್ಯೂಗೆ ಮುಂಚೆ 82ರಲ್ಲಿ ಗುಡ್ಡ, ಆಮೇಲೆ ಸಮತಟ್ಟು. "ಗುಂಯ್ ಪೂರ್ತಿ ಹೋಗಿದೆಯಲ್ಲ ಸಾರ್" ಅಂದ. ಗ್ರಾಫ್ ಪ್ರಕಾರ ಹೋಗಿದೆ. ಕೇಳಿದರೆ ಪೆಟ್ಟಿನ ನಂತರದ ಬಾಲವೂ ಸ್ವಲ್ಪ ಉಳಿದಿದೆ, ಮುಂಚೆ ಒಂದು ಹೊಸದಾಗಿ ಸೇರಿದೆ.

ಹಲಗೆಯ ಮೊಳಗು ಅನ್ನೋದು ಒಂದು ಅನುರಣನ. ಪೆಟ್ಟು ಬಿದ್ದ ಮೇಲೆ ಶುರುವಾಗಿ, ಕರಗುತ್ತಾ ಹೋಗುತ್ತದೆ. ಹತ್ತಿರದ ಮೈಕ್‌ಗೆ ಬೀಳುವ ಇಂಥ ಒಂಟಿ ಮೊಳಗು ತಾನೇ ಒಂದು ಮಿನಿಮಮ್ ಫೇಸ್ ವ್ಯವಸ್ಥೆ. ಯಾರೋ ಅಲ್ಲಿ ಮಿನಿಮಮ್ ಫೇಸ್ ಈಕ್ಯೂ ಇಟ್ಟು 82 ಹರ್ಟ್ಸ್ 12 ಡೆಸಿಬೆಲ್ ಏರಿಸಿದ ಹಾಗೆ. ಅದಕ್ಕೆ ಸರಿಯಾಗಿ ಹೊಂದುವ ಮಿನಿಮಮ್ ಫೇಸ್ ಇಳಿಕೆ ಹಾಕಿದರೆ ಏರಿಕೆಯೂ ಇಳಿಕೆಯೂ ಒಂದನ್ನೊಂದು ಕಳೆಯುತ್ತವೆ. ಮಟ್ಟದಲ್ಲಿ ಅಷ್ಟೇ ಅಲ್ಲ, ಕಾಲದಲ್ಲೂ. ಬಾಲವೇ ಮೊಟಕಾಗುತ್ತದೆ.

ಲೀನಿಯರ್ ಫೇಸ್ ಇಳಿಕೆ ಮಟ್ಟವನ್ನು ಮಾತ್ರ ಸರಿಮಾಡುತ್ತದೆ, ಹಲಗೆ ತಿರುಗಿಸಿದ ಫೇಸನ್ನು ಹಾಗೇ ಬಿಡುತ್ತದೆ. ಲೆಕ್ಕ ಬಿಡಿಸಿ ನೋಡಿದರೆ ಆಗುವುದು ಇದು: ಹಳೆಯ ಬಾಲದ ಸುಮಾರು ಅರ್ಧ ಪೆಟ್ಟಿನ ನಂತರ ಉಳಿಯುತ್ತದೆ, ಹೆಚ್ಚುಕಮ್ಮಿ ಅಷ್ಟೇ ದೊಡ್ಡದು ತಲೆಕೆಳಗಾಗಿ ಪೆಟ್ಟಿಗೆ ಮುಂಚೆ ಹೋಗಿ ನಿಲ್ಲುತ್ತದೆ. ಹಿಂದಿನದು ಮೇಲೆ ಹೋದರೆ ಮುಂದಿನದು ಕೆಳಗೆ. ಅನಲೈಸರ್ ಎರಡನ್ನೂ ಒಂದೇ ತುಂಡಿನಲ್ಲಿ ಹಾಕಿಕೊಂಡು ಒಟ್ಟು ಲೆಕ್ಕ ಮಾಡುತ್ತದೆ. ಎರಡೂ ಪರಸ್ಪರ ಕಳೆದುಹೋಗಿ ಸಮತಟ್ಟು ತೋರಿಸುತ್ತದೆ. ಕಿವಿ ಹಾಗೆ ಒಟ್ಟು ಹಾಕುವುದಿಲ್ಲ, ಬಂದ ಹಾಗೆ ಕೇಳಿಕೊಂಡು ಹೋಗುತ್ತದೆ. ಗುಂಯ್ ತೆಗೆಯಲು ಹೋಗಿ ಅದನ್ನು ಪೆಟ್ಟಿನ ಎರಡೂ ಕಡೆ ಹಂಚಿದ ಹಾಗಾಯಿತು.

ಹಾಗಾಗಿ ನನ್ನ ಪ್ರಕಾರ ಚರ್ಮ, ಮರ, ಹಲಗೆ ಇವುಗಳ ಮೊಳಗನ್ನು ಕತ್ತರಿಸುವ ಕೆಲಸಕ್ಕೆ ಲೀನಿಯರ್ ಫೇಸ್ ಹೊಂದುವುದೇ ಇಲ್ಲ. ಪ್ರೀ-ರಿಂಗಿಂಗ್ ಕೇಳಿಸದೆ ಹೋದರೂ, ಹಳೆಯ ಬಾಲ ಉಳಿಯುತ್ತದೆ.

ಫೇಸ್ ಭಯದ ಲೆಕ್ಕ

ಇನ್ನು ಹುಡುಗನ ಭಯ. 12 ಡೆಸಿಬೆಲ್ ಇಳಿಕೆಯ ಮಿನಿಮಮ್ ಫೇಸ್ ಗುಂಡಿ ಫೇಸನ್ನು ಎಷ್ಟು ತಿರುಗಿಸುತ್ತದೆ? ಗುಂಡಿಯ ನಡುವಿನಲ್ಲಿ ಸೊನ್ನೆ. ಎರಡು ಪಕ್ಕದ ಇಳಿಜಾರಿನಲ್ಲಿ, ಮಟ್ಟ 6 ಡೆಸಿಬೆಲ್ ಇಳಿದಿರುವ ಕಡೆ, ಅತಿ ಹೆಚ್ಚೆಂದರೆ 37 ಡಿಗ್ರಿ. ಅದರಿಂದ ಆಚೆ ಮತ್ತೆ ಕಮ್ಮಿ. ಫೇಸ್ ಸರಿಯಾಗಿ ಕೂಡಿದ ಇನ್ನೊಂದು ಮೈಕ್ ಜೊತೆಗೆ ಇದನ್ನು ಸೇರಿಸಿದರೂ 37 ಡಿಗ್ರಿಯಿಂದ ಆಗುವ ನಷ್ಟ ಅರ್ಧ ಡೆಸಿಬೆಲ್‌ಗೂ ಕಮ್ಮಿ.

ಮುಂದಿನ ಜೋಡಿ ಸರಿಯಾಗಿ ಕೂಡಿತ್ತಾ ಅನ್ನೋದು ಬೇರೆ ಪ್ರಶ್ನೆ. ಅದು ಮೂರು ಮೀಟರ್ ದೂರ. ಶಬ್ದ ಅಷ್ಟು ದೂರ ಹೋಗಲು 9 ಮಿಲಿಸೆಕೆಂಡ್ ಹತ್ತಿರ ಹಿಡಿಯುತ್ತದೆ. 82 ಹರ್ಟ್ಸ್‌ನ ಒಂದು ಸುತ್ತು 12.2 ಮಿಲಿಸೆಕೆಂಡ್ ಅಂದ ಮೇಲೆ, ಈಕ್ಯೂ ಮುಟ್ಟುವ ಮುಂಚೆಯೇ ಎರಡು ಮೈಕ್‌ಗಳ ನಡುವೆ 255 ಡಿಗ್ರಿಗೂ ಮೀರಿದ ಅಂತರವಿದೆ. ಅದರ ಮುಂದೆ 37 ಯಾವ ಲೆಕ್ಕ?

ಆದರೆ ಇದೇ ಸೆಷನ್‌ನಲ್ಲಿ ಅವನ ಭಯ ನಿಜವಾಗುವ ಜಾಗವೂ ಒಂದಿತ್ತು. ಮೃದಂಗದ ಬಲಗಡೆಯ ಟ್ರ್ಯಾಕಿನ ಒಂದು ನಕಲು ತೆಗೆದು, 200 ಹರ್ಟ್ಸ್‌ಗಿಂತ ಕೆಳಗಿನದನ್ನು ಆಕ್ಟೇವ್‌ಗೆ 24 ಡೆಸಿಬೆಲ್‌ನಂತೆ ಕತ್ತರಿಸಿ, ಗಟ್ಟಿಯಾಗಿ ಕಂಪ್ರೆಸ್ ಮಾಡಿ, ಮೂಲದ ಜೊತೆ ಬೆರೆಸಿದ್ದ. ಚಾಪು ಎದ್ದು ಕೇಳಲಿ ಅಂತ. ಇಲ್ಲಿ ಮಿನಿಮಮ್ ಫೇಸ್ ಹೈಪಾಸ್ ಹಾಕಿದ್ದರೆ 200 ಹರ್ಟ್ಸ್‌ನಲ್ಲಿ ಫೇಸ್ 180 ಡಿಗ್ರಿ ತಿರುಗುತ್ತಿತ್ತು. ನಕಲು ಅಲ್ಲಿ 3 ಡೆಸಿಬೆಲ್ ಮಾತ್ರ ಕಮ್ಮಿ, ಆದರೆ ಪೂರ್ತಿ ಉಲ್ಟಾ. ಮೂಲ, ನಕಲು ಸಮನಾಗಿ ಬೆರೆಸಿದರೆ 10 ಡೆಸಿಬೆಲ್‌ಗೂ ಜಾಸ್ತಿ ಆಳದ ತೂತು ಬೀಳುತ್ತದೆ, ಮೃದಂಗದ ಮೈ ಇರುವ ಜಾಗದಲ್ಲೇ. ಲೀನಿಯರ್ ಫೇಸ್ ಆದರೆ ತೂತಿಲ್ಲ. ಅದರ ಪ್ರೀ-ರಿಂಗಿಂಗ್ 6-7 ಮಿಲಿಸೆಕೆಂಡ್ ಆಸುಪಾಸು, ಪೆಟ್ಟಿನ ಮರೆಯಲ್ಲಿ ಹೋಗುತ್ತದೆ. ಅಲ್ಲಿ ಅವನು ಹಾಕಿದ್ದು ಲೀನಿಯರ್ ಫೇಸೇ, ಸರಿಯಾಗಿಯೇ ಹಾಕಿದ್ದ. ಅದನ್ನು ಮುಟ್ಟಲಿಲ್ಲ.

ಬದಲಾಯಿಸಿದ್ದು

ತೊಪ್ಪಿ ಟ್ರ್ಯಾಕಿನ ಈಕ್ಯೂ ಮಿನಿಮಮ್ ಫೇಸ್‌ಗೆ ಬಂತು. 82 ಹರ್ಟ್ಸ್‌ನ ಜಾಗ, ಆಳ, ಕ್ಯೂ ಎಲ್ಲ ಹಾಗೇ ಇಟ್ಟು ಮೋಡ್ ಒಂದನ್ನೇ ಬದಲಿಸಿ ಮೊದಲು ಕೇಳಿದೆವು. ಮುಂಚಿನ ಗುಂಯ್ ಮಾಯ, ನಂತರದ ಬಾಲವೂ ಮೊಟಕು. ಆಮೇಲೆ ಕ್ಯೂವನ್ನು ಕಿವಿಯಿಂದಲೇ ಹೊಂದಿಸಿದೆವು. ಒಂದು ಒಂಟಿ ಗುಮ್ಕಿಯನ್ನು ಪದೇ ಪದೇ ಹಾಕಿ, ಬಾಲ ಬೇಗ ಕರಗುವ ತನಕ ಕ್ಯೂ ತಿರುಗಿಸುವುದು. ಬರೀ ಕೆಳಗಿನ ಸ್ವರ ಕೇಳಲು 150 ಹರ್ಟ್ಸ್ ಲೋಪಾಸ್ ಒಂದನ್ನು ತಾತ್ಕಾಲಿಕವಾಗಿ ಇಟ್ಟಿದ್ದೆವು. ಅದು ಮಿನಿಮಮ್ ಫೇಸ್‌ದೇ ಆಗಿರಬೇಕು. ಇಲ್ಲದಿದ್ದರೆ ಪರೀಕ್ಷೆಯ ಫಿಲ್ಟರ್ ತಾನೇ ಪೆಟ್ಟಿಗೆ ಮುಂಚೆ ಮೊಳಗಿ, ಇಲ್ಲದ ದೋಷ ತೋರಿಸುತ್ತದೆ.

ಹೈಪಾಸನ್ನು ಆಕ್ಟೇವ್‌ಗೆ 18 ಡೆಸಿಬೆಲ್‌ಗೆ ಇಳಿಸಿ, 35 ಹರ್ಟ್ಸ್‌ಗೆ ತಂದು, ಅದನ್ನೂ ಮಿನಿಮಮ್ ಫೇಸ್ ಮಾಡಿದೆವು. ಫೇಸ್ ತಿರುಗಿದ್ದರಿಂದ ಅಲೆಯ ಆಕಾರ ಬದಲಾಗಿ ಕೆಲವು ಪೆಟ್ಟುಗಳ ತುದಿ ಮುಂಚಿಗಿಂತ ಸ್ವಲ್ಪ ಎತ್ತರಕ್ಕೆ ಹೋಯಿತು. ಕಿವಿಗೆ ವ್ಯತ್ಯಾಸವಿಲ್ಲ, ಮೀಟರ್‌ಗೆ ಮಾತ್ರ ಇದೆ. ಟ್ರ್ಯಾಕಿನ ಗೇನ್ ತುಸು ಇಳಿಸಿದ್ದಕ್ಕೆ ಸರಿಹೋಯಿತು.

ಮುಂದಿನ ಜೋಡಿಯಲ್ಲೂ 82ರ ಊಂಕಾರ ಇತ್ತು. ಅಲ್ಲಿ ಈ ಉಪಾಯ ಪೂರ್ತಿ ನಡೆಯಲಿಲ್ಲ. ಮೂರು ಮೀಟರ್ ದೂರದ ಮೈಕ್‌ಗೆ ಹಲಗೆಯದೊಂದೇ ಬರುವುದಲ್ಲ, ಗೋಡೆ, ಚಾವಣಿಗಳಿಂದ ವಾಪಸ್ ಬಂದಿದ್ದೂ ಬೇರೆ ಬೇರೆ ತಡದಲ್ಲಿ ಬಂದು ಸೇರುತ್ತದೆ. ಅದು ಒಂದು ಗುಂಡಿಯಿಂದ ಕಳೆಯುವಂಥದ್ದಲ್ಲ. ಅಲ್ಲಿ ಕ್ಯೂ 1.5ರ ಅಗಲದ ಇಳಿಕೆ, 4 ಡೆಸಿಬೆಲ್ ಮಾತ್ರ ಹಾಕಿ ಬಿಟ್ಟೆವು.

ಹೊಸ ಫೈಲ್ ಕೇಳಿ ಮೇಷ್ಟ್ರು ಮತ್ತೆ ಫೋನ್ ಮಾಡಿದರು. ತನಿಯ ಮೊದಲ ಪೆಟ್ಟಿನ ಬಗ್ಗೆ ತಕರಾರಿಲ್ಲ. "ಆದ್ರೆ ತೊಪ್ಪಿ ಸ್ವಲ್ಪ ಒಣಗಿದ ಹಾಗಾಗಿದೆ ಕಣೋ, ರವೆ ಹಚ್ಚಿದ್ದು ಯಾತಕ್ಕೆ ಮತ್ತೆ?" ಅಂದರು. 12 ಡೆಸಿಬೆಲ್ ಇಳಿಕೆಯನ್ನು 8ಕ್ಕೆ ತಂದು, ಹಲಗೆಯ ಮೊಳಗು ಒಂದಿಷ್ಟು ಉಳಿಯಲಿ ಅಂತ ಬಿಟ್ಟು, ಅದನ್ನೇ ಕೊನೆಯ ಮಿಕ್ಸ್ ಅಂತ ಹುಡುಗ ಕಳಿಸಿದ.